‘ನೀನು’ ಅಂತ ಬರೆಯೋಣವೇ, ‘ನೀವು’ ಅಂತಲೇ?

(ಶುಕ್ರವಾರ ರಾತ್ರಿ, ನಮ್ಮ ಮನೆಯ ವಾಟ್ಸಾಪ್ ಗುಂಪು. ಭಾನುವಾರ ತುಮಕೂರಿನಲ್ಲಿ ತಂಗಿಯ ನಿಶ್ಚಿತಾರ್ಥ. ಹುಡುಗ ತಿಪಟೂರಿನವರು. ಹೆಸರುಗಳ ಬದಲು ನನಗೆ ಅವರು ಏನಾಗಬೇಕೋ ಅದನ್ನೇ ಹಾಕಿದ್ದೇನೆ.)

ತಮ್ಮ: ಭಾನುವಾರ ಮದುಮಗಳು ಇನ್‌ಸ್ಟಾಗ್ರಾಮ್‌ಗೆ ಫೋಟೋ ಜೊತೆ ಹಾಕಲು ಸಾಲು ರೆಡಿ ಮಾಡಿದ್ದೇನೆ. ಎಲ್ಲರೂ ನೋಡಿ ಹೇಳಿ.
“ನನ್ನ ಉಸಿರಲ್ಲಿ ಬೆರೆತವನೇ, ಎಷ್ಟೋ ಜನ್ಮಗಳಿಂದ ನಿನಗಾಗಿಯೇ ಕಾದಿದ್ದೆ. ಇನ್ನು ಎಂದೆಂದಿಗೂ ನೀನೇ ನನ್ನ ಪ್ರಪಂಚ.”

ಅತ್ತೆ: ಎಷ್ಟು ಚೆನ್ನಾಗಿದೆ ಕಣೋ! ಇದನ್ನೇ ಹಾಕು.

ಚಿಕ್ಕಮ್ಮ: 👌👌

ನಾನು: ಇದು ಬೇಡ ಅಂತ ನನಗನ್ನಿಸುತ್ತದೆ. ಅವರಿಬ್ಬರ ಪರಿಚಯವಾಗಿ ಐದು ವಾರ ಆಗಿದೆ, ಅಷ್ಟೇ. ಹುಡುಗಿ ನೋಡಲು ಬಂದ ದಿನ ಮಹಡಿ ಮೇಲೆ ಇಪ್ಪತ್ತು ನಿಮಿಷ ಮಾತಾಡಿದರು. ಆಮೇಲೆ ಒಂದು ಸಲ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದರು. ಉಳಿದದ್ದೆಲ್ಲ ಫೋನು. ಇದರಲ್ಲಿ ಜನ್ಮಗಳ ಕಾಯುವಿಕೆ ಎಲ್ಲಿಂದ ಬಂತು?

ಅತ್ತೆ: ಶುಭಕಾರ್ಯಕ್ಕೆ ನಾಲ್ಕು ಒಳ್ಳೆ ಮಾತು ಬರೆದರೆ ಏನಾಯಿತು ಕಣೇ? ಸಪ್ಪೆಯಾಗಿ ಬರೆದರೆ ಹುಡುಗಿಗೆ ಮನಸ್ಸಿಲ್ಲವೇನೋ ಅಂದುಕೊಳ್ಳುತ್ತಾರೆ. ಬಲವಂತ ಮಾಡಿದರು ಅಂತ ಮಾತು ಬರುತ್ತದೆ.

ನಾನು: ಆ ಭಯ ಸುಳ್ಳಲ್ಲ ಅತ್ತೆ. ಸಪ್ಪೆ ಮಾಡೋಣ ಅಂತ ನಾನು ಹೇಳುತ್ತಿಲ್ಲ. ನನ್ನದೇ ಕತೆ ಕೇಳಿ. ನನ್ನ ನಿಶ್ಚಿತಾರ್ಥದ ದಿನ ನಾನೂ ಇಂಥದ್ದೇ ಸಾಲನ್ನು ಎಲ್ಲಿಂದಲೋ ಎತ್ತಿ ಹಾಕಿದ್ದೆ. ನಿಮ್ಮ ಅಳಿಯಂದಿರು ಎರಡು ದಿನ ಸರಿಯಾಗಿ ಮಾತೇ ಆಡಲಿಲ್ಲ. ಕೋಪ ಬಂತೇನೋ ಅಂತ ಹೆದರಿದ್ದೆ. ಮದುವೆಯಾದ ಮೇಲೆ ಹೇಳಿದರು, “ಅಷ್ಟು ದೊಡ್ಡ ಮಾತಿಗೆ ನಾನೇನು ಉತ್ತರ ಕೊಡಬೇಕು ಅಂತ ಗೊತ್ತಾಗಲಿಲ್ಲ” ಅಂತ. ಊರಿಗೆಲ್ಲ ಕಾಣುವ ಹಾಗೆ ನಾನು ಬರೆದಿದ್ದೆ. ಅಷ್ಟೇ ದೊಡ್ಡದಾಗಿ ಅವರೂ ಬರೆಯಬೇಕಾಯಿತು. ಅವರ ಮನಸ್ಸು ಇನ್ನೂ ಅಲ್ಲಿಗೆ ಬಂದಿರಲಿಲ್ಲ. ನನ್ನದೂ ಬಂದಿರಲಿಲ್ಲ.

ಚಿಕ್ಕಮ್ಮ: ಅಯ್ಯೋ, ಇದು ನಮಗೆ ಗೊತ್ತೇ ಇರಲಿಲ್ಲ.

ದೊಡ್ಡಪ್ಪ: ನಾನು ಬರೆದುಕೊಡುತ್ತೇನೆ. “ಗುರುಹಿರಿಯರ ಆಶೀರ್ವಾದದಿಂದ ಚಿ. ಸೌ. ಕನ್ಯಾಕುಮಾರಿಯ ವಿವಾಹ ನಿಶ್ಚಿತಾರ್ಥವು ನೆರವೇರಿತು.” ಕೆಳಗೆ ಮದುವೆ ತಾರೀಕು, ಛತ್ರದ ಹೆಸರು ಹಾಕಿ. ಮುಗಿಯಿತು.

ತಮ್ಮ: ದೊಡ್ಡಪ್ಪ, ಅದು ಲಗ್ನಪತ್ರಿಕೆ ಆಗುತ್ತದೆ. ಹಾಕುತ್ತಿರುವುದು ಅಕ್ಕನೇ ಅಲ್ವಾ? ಅವಳ ಮಾತು ಇರಬೇಕು.

ನಾನು: ತಾರೀಕೂ ಬೇಡ ದೊಡ್ಡಪ್ಪ. ಪತ್ರಿಕೆ ಇನ್ನೂ ಅಚ್ಚಾಗಿಲ್ಲ. ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯುವ ಮೊದಲೇ ಮೊಬೈಲಿನಲ್ಲಿ ದಿನಾಂಕ ನೋಡಿದರೆ ಹಿರಿಯರಿಗೆ ನೋವಾಗುತ್ತದೆ. “ನಮಗೆ ಫೋನಿನಲ್ಲೇ ಗೊತ್ತಾಯಿತು ಬಿಡಿ” ಅನ್ನುತ್ತಾರೆ.

ದೊಡ್ಡಪ್ಪ: ಅದು ನಿಜ. ತಾರೀಕು ಬಿಡಿ.

ತಮ್ಮ: ಸರಿ, ನನ್ನ ಸಾಲಲ್ಲಿ ಏನು ತಪ್ಪು ಅಂತ ಬಿಡಿಸಿ ಹೇಳಕ್ಕ. ತಿದ್ದುತ್ತೇನೆ.

ನಾನು: ಮೊದಲ ತಪ್ಪು ‘ನೀನು’. ಪುಟ್ಟಿ, ಅವರನ್ನು ಏನಂತ ಕರೆಯುತ್ತೀಯ?

ತಂಗಿ: ನೀವು ಅಂತ. ಅವರೂ ನನಗೆ ನೀವು ಅಂತಲೇ ಅನ್ನುತ್ತಾರೆ.

ನಾನು: ನೋಡಿ. ಇಬ್ಬರೂ ಇನ್ನೂ ‘ನೀವು’ ಅನ್ನುತ್ತಿದ್ದಾರೆ. ‘ನೀನು’ ಅನ್ನುವುದು ಅವರ ನಡುವೆ ತಾನಾಗಿ ಬರಬೇಕಾದದ್ದು. ಯಾವತ್ತೋ ಫೋನಿನಲ್ಲಿ ಬಾಯಿತಪ್ಪಿ ಬರುತ್ತದೆ, ಇಬ್ಬರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಅದನ್ನು ನಾವು ಗುಂಪಿನಲ್ಲಿ ಕೂತು ಅವರ ಬದಲು ಬರೆದುಬಿಟ್ಟರೆ ಹೇಗೆ? ಅವರ ಅಪ್ಪ ಅಮ್ಮ, ಇವಳ ಆಫೀಸಿನವರು ಎಲ್ಲ ಓದುತ್ತಾರೆ. ಹಾಗಂತ ‘ನೀವೇ ನನ್ನ ಉಸಿರು’ ಅಂತ ತಿದ್ದಲೂ ಆಗುವುದಿಲ್ಲ. ಕಿವಿಗೆ ಒಗ್ಗುವುದಿಲ್ಲ. ಯಾಕೆಂದರೆ ಆ ಮಾತೇ ಅಷ್ಟು ಹತ್ತಿರವಾದವರದ್ದು. ಸಾಲು ಇವರದ್ದು ಹೌದೋ ಅಲ್ಲವೋ ಅಂತ ಗೊತ್ತಾಗಬೇಕಾದರೆ ‘ನೀವು’ ಹಾಕಿ ಓದಿ ನೋಡಬೇಕು.

ಚಿಕ್ಕಮ್ಮ: ಓದಿ ನೋಡಿದೆ. ನಿಜವಾಗಲೂ ಆಗಲಿಲ್ಲ.

ತಮ್ಮ: ಇನ್ನೊಂದು ಈಗ ಹೊಳೆಯಿತು. ಇಬ್ಬರ ಖಾತೆಯಲ್ಲೂ ಬರಲಿ ಅಂತ ಕೊಲ್ಯಾಬ್ ಮಾಡೋಣ ಅಂತಿದ್ದೆ. ಅವರು ಒಪ್ಪಿಕೊಂಡರೆ ಒಂದೇ ಪೋಸ್ಟ್, ಮೇಲೆ ಎರಡು ಹೆಸರು, ಕೆಳಗೆ ಒಂದೇ ಸಾಲು. ಆಗ ‘ನಾನು’ ಅಂದರೆ ಯಾರು ಅಂತಲೇ ತಿಳಿಯುವುದಿಲ್ಲ.

ನಾನು: ಅದೇ ದೊಡ್ಡ ವಿಷಯ. ‘ನಾವು’ ಅಂತಲೇ ಬರೆಯಬೇಕು. ‘ನಾವು’ ಅಂದಮೇಲೆ ಅವರಿಗೂ ಒಪ್ಪಿಗೆ ಆಗಬೇಕು. ಭಾನುವಾರಕ್ಕೆ ಮೊದಲೇ ಅವರಿಗೆ ಕಳಿಸಬೇಕು.

ಅತ್ತೆ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಉಸಿರು ಬೇಡ, ಜನ್ಮ ಬೇಡ. ಮತ್ತೆ ಹುಡುಗಿಗೆ ಖುಷಿಯಾಗಿದೆ ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು?

ನಾನು: ನಡೆದದ್ದರಿಂದ ಅತ್ತೆ. ಐದು ವಾರದಲ್ಲಿ ನಡೆದದ್ದೇ ಸಾಕಷ್ಟಿದೆ. ಪುಟ್ಟಿ, ನಿನಗೆ ನೆನಪಿರುವುದು ಒಂದು ಹೇಳು. ಎಲ್ಲರ ಮುಂದೆ ಹೇಳಬಹುದಾದದ್ದು.

ತಂಗಿ: ಕ್ಯಾತಸಂದ್ರದಲ್ಲಿ ಒಂದೊಂದು ಇಡ್ಲಿ ತಿಂದು ಏಳೋಣ ಅಂತ ಹೋಗಿದ್ದೆವು. ಮಾತು ಮುಗಿಯಲಿಲ್ಲ. ಎದ್ದು ಹೋಗಬಾರದು ಅಂತ ಅವರು ಇನ್ನೊಂದು ತಟ್ಟೆ ಹೇಳಿದರು. ನಾನೂ ಹೇಳಿದೆ. ಆಮೇಲೆ ಕಾಫಿ ಎರಡು ಸಲ.

ಚಿಕ್ಕಮ್ಮ: 😍 ಇದನ್ನು ನಮಗೆ ಹೇಳಲೇ ಇಲ್ಲವಲ್ಲ ಪುಟ್ಟಿ!

ತಂಗಿ: ಫೋನಿನಲ್ಲಿ ಅವರು ಅವರ ಅಪ್ಪನ ಬಗ್ಗೆ ಒಂದು ಮಾತು ಹೇಳಿದ್ದಾರೆ. ನಾನು ಒಪ್ಪಿದ್ದು ಅದಕ್ಕೇ. ಅದು ಮಾತ್ರ ಬೇಡ.

ನಾನು: ಅದು ನಿಮ್ಮಿಬ್ಬರದ್ದು. ಬರುವುದೇ ಬೇಡ. ಇಡ್ಲಿ ತಂದರೆ ಸಾಕು. ಹೀಗೆ ನೋಡಿ:
“ಮನೆಯವರು ನೋಡಿದರು, ನಾವು ಒಪ್ಪಿದೆವು. ಒಂದು ತಟ್ಟೆ ಇಡ್ಲಿ ತಿಂದು ಏಳಬೇಕಿದ್ದವರು ಇನ್ನೊಂದು ತಟ್ಟೆ ಹೇಳಿದೆವು. ಇವತ್ತು ಉಂಗುರ ಹಾಕಿಕೊಂಡೆವು. ಇನ್ನೂ ‘ನೀವು’ ಅಂತಲೇ ಕರೆಯುತ್ತೇವೆ.”

ಅತ್ತೆ: ಎರಡನೇ ತಟ್ಟೆ ಅಂದಾಗ ಗೊತ್ತಾಗುತ್ತದೆ. ಹುಡುಗಿಗೆ ಮನಸ್ಸಿದೆ. ನನಗೆ ಸಮಾಧಾನ ಆಯಿತು ಕಣೇ.

ದೊಡ್ಡಪ್ಪ: ಹಿರಿಯರ ಆಶೀರ್ವಾದ ಎಲ್ಲೂ ಇಲ್ಲ.

ತಮ್ಮ: ಕೊನೆಯಲ್ಲಿ ಒಂದು ಸಾಲು ಸೇರಿಸುತ್ತೇನೆ ದೊಡ್ಡಪ್ಪ, “ನಿಮ್ಮೆಲ್ಲರ ಆಶೀರ್ವಾದ ಇರಲಿ” ಅಂತ. ಮೇಲೆ ಹಾಕಿದರೆ ಜಾಗ ಅದಕ್ಕೇ ಹೋಗುತ್ತದೆ. ಫೋಟೋ ಕೆಳಗೆ ಮೊದಲ ಒಂದೆರಡು ಸಾಲು ಮಾತ್ರ ಕಾಣುವುದು. ಉಳಿದದ್ದು `more` ಒತ್ತಿದರೆ ಮಾತ್ರ. ಅದಕ್ಕೆ ‘ಒಪ್ಪಿದೆವು’ ಅನ್ನುವುದು ಮೊದಲಿಗೇ ಬರಬೇಕು.

ದೊಡ್ಡಪ್ಪ: ಇರಲಿ. ಎಲ್ಲಿದ್ದರೂ ಇದ್ದರೆ ಸಾಕು.

ತಂಗಿ: ಅವರಿಗೆ ಕಳಿಸಿದ್ದೇನೆ. ನೋಡುತ್ತಿದ್ದಾರೆ.

ಚಿಕ್ಕಮ್ಮ: ಏನಂದರು?

ತಂಗಿ: ‘ಮನೆಯವರು ನೋಡಿದರು’ ಅನ್ನುವುದನ್ನು ‘ಮನೆಯವರು ಪರಿಚಯ ಮಾಡಿಸಿದರು’ ಅಂತ ಬದಲಿಸೋಣವೇ ಅಂತ ಕೇಳಿದರು. ನೋಡಿದ್ದು ನಾವೇ ಅಲ್ಲವೇ ಅಂದರು.

ನಾನು: ಬದಲಿಸು ತಮ್ಮ. ನಾನು ಬರೆದದ್ದಕ್ಕಿಂತ ಅದೇ ಸರಿ.

ತಂಗಿ: ಇನ್ನೊಂದು. ಎರಡನೇ ತಟ್ಟೆ ಮೊದಲು ಹೇಳಿದ್ದು ನಾನಂತೆ, ಅವರಲ್ಲವಂತೆ. ಅವರಿಗೆ ಚೆನ್ನಾಗಿ ನೆನಪಿದೆಯಂತೆ.

ಅತ್ತೆ: ‘ಹೇಳಿದೆವು’ ಅಂತ ಇದೆಯಲ್ಲ, ಹಾಗೇ ಇರಲಿ ಬಿಡು.

ದೊಡ್ಡಪ್ಪ: ಫೋಟೋದಲ್ಲಿ ತಾಂಬೂಲದ ತಟ್ಟೆ ಬರಬೇಕು. ಅದನ್ನು ಯಾರು ನೋಡಿಕೊಳ್ಳುತ್ತೀರಿ?

ತಮ್ಮ: ನಾನು ನೋಡಿಕೊಳ್ಳುತ್ತೇನೆ ದೊಡ್ಡಪ್ಪ.