ಪದ ಬೇಕಿದೆ: ಇಂಟರೆಸ್ಟ್ ರೇಟ್ ಸ್ವಾಪ್‌ಗೆ ಕನ್ನಡದಲ್ಲಿ ಏನನ್ನಬೇಕು? (ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಹೋಗುತ್ತೆ)

ಮಡಿಕೇರಿಯ ಅನುವಾದಕಿ

ಎಲ್ಲರಿಗೂ ನಮಸ್ಕಾರ. ಒಂದು ಕಾಫಿ ಕಂಪನಿಯ ವಾರ್ಷಿಕ ವರದಿಯನ್ನು ಸಣ್ಣ ಷೇರುದಾರರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಇಂಟರೆಸ್ಟ್ ರೇಟ್ ಸ್ವಾಪ್ ಬಗ್ಗೆ ಒಂದು ಚಿಕ್ಕ ಚೌಕಟ್ಟಿದೆ. ಎರಡು ಕಂಪನಿಗಳು ಫಿಕ್ಸೆಡ್ ಬಡ್ಡಿ ಮತ್ತು ಫ್ಲೋಟಿಂಗ್ ಬಡ್ಡಿಯ ಪಾವತಿಯನ್ನು ಪರಸ್ಪರ ಬದಲಿಸಿಕೊಳ್ಳುತ್ತವೆ ಅಂತ ನಾಲ್ಕು ಸಾಲಿನ ವಿವರಣೆ. ನಾನು 'ಬಡ್ಡಿ ದರ ವಿನಿಮಯ' ಅಂತ ಹಾಕಿದ್ದೆ. ನಮ್ಮ ಚಿಕ್ಕಪ್ಪ ಓದಿ, 'ಇದು ಡಾಲರ್ ರೇಟಿನ ವಿಷಯನಾ?' ಅಂತ ಕೇಳಿದರು. 'ವಿನಿಮಯ ದರ' ಅಂದ್ರೆ ಎಲ್ಲರಿಗೂ ಡಾಲರೇ ನೆನಪಾಗೋದು, ಕಾಫಿ ಬೆಳೆಯೋರಿಗಂತೂ ಮೊದಲು ಅದೇ. ಹಾಗಾಗಿ ಆ ಪದ ಬೇಡ ಅನ್ನಿಸಿದೆ. ಫ್ಲೋಟಿಂಗ್‌ಗೂ ಒಂದು ಪದ ಕೊಡಿ. 'ತೇಲುವ ಬಡ್ಡಿ' ಅಂತ ಬರೆಯೋಕೆ ಕೈ ಬರುತ್ತಿಲ್ಲ.

ಸೋಮವಾರಪೇಟೆಯ ಮೇಷ್ಟ್ರು

'ವಿನಿಮಯ' ಬೇಡವೇ ಬೇಡ, ಸಂಸ್ಕೃತ. ನಮ್ಮಲ್ಲಿ ಪದ ಇದೆ, ನಾವೇ ಮರೆತಿದ್ದೇವೆ. ಮುಯ್ಯಿ. ನಾಟಿಗೆ ನೀವು ನಮ್ಮ ಗದ್ದೆಗೆ ಬಂದರೆ ನಾವು ನಿಮ್ಮ ಗದ್ದೆಗೆ ಬರುತ್ತೇವೆ, ಅದು ಮುಯ್ಯಾಳು. ಮದುವೆಯಲ್ಲಿ ಕೊಟ್ಟಿದ್ದಕ್ಕೆ ತಿರುಗಿ ಕೊಡೋದೂ ಮುಯ್ಯಿ. ಕೊಟ್ಟದ್ದಕ್ಕೆ ಎದುರಾಗಿ ಬರುವಂಥದ್ದು ಅನ್ನುವ ಭಾವ ಇಡೀ ಪದದಲ್ಲಿದೆ. 'ಬಡ್ಡಿಮುಯ್ಯಿ' ಅಂತ ಬರೆಯಿರಿ. ಫ್ಲೋಟಿಂಗ್‌ಗೆ 'ಏರಿಳಿವ ಬಡ್ಡಿ', ಫಿಕ್ಸೆಡ್‌ಗೆ 'ನೆಲೆಬಡ್ಡಿ'. ಇಷ್ಟೇ. ಇದರಲ್ಲಿ ಚರ್ಚೆ ಮಾಡೋಕೆ ಏನೂ ಇಲ್ಲ.

ಗೋಣಿಕೊಪ್ಪದ ಬೆಳೆಗಾರ

ಮೇಡಂ, ಇದು ನನಗೂ ಆಗಿದೆ, ಹಾಗಾಗಿ ಹೇಳ್ತೀನಿ. ನಮ್ಮ ಹೋಂಸ್ಟೇ ಸಾಲ ಮೊದಲು ಎಂಸಿಎಲ್‌ಆರ್ ಅಂತ ಬ್ಯಾಂಕು ತಾನೇ ಲೆಕ್ಕ ಹಾಕಿ ಇಡುವ ದರದ ಮೇಲೆ ಇತ್ತು. ಬ್ಯಾಂಕಿಗೆ ಹೋಗಿ ಅರ್ಜಿ ಕೊಟ್ಟು, ಸ್ವಲ್ಪ ಫೀಸ್ ಕಟ್ಟಿ, ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ ಬದಲಿಸಿಕೊಂಡೆ. ಮ್ಯಾನೇಜರ್ ಅದನ್ನ ಸ್ವಿಚ್ ಅಂದರು, ನೀವು ಸ್ವಾಪ್ ಅಂತೀರಿ. ಎರಡೂ ಒಂದೇ ತಾನೇ? 'ಬಡ್ಡಿ ಬದಲಾವಣೆ' ಅಂತ ಹಾಕಿ, ಯಾರಿಗಾದರೂ ಅರ್ಥ ಆಗುತ್ತೆ.

ವಿರಾಜಪೇಟೆಯಿಂದ, ಮೊದಲು ಮುಂಬೈಯಲ್ಲಿ ಬ್ಯಾಂಕಿನ ಟ್ರೆಷರಿಯಲ್ಲಿದ್ದವನು

ಬೆಳೆಗಾರರೇ, ಎರಡೂ ಒಂದೇ ಅಲ್ಲ. ನೀವು ನಿಮ್ಮ ಸಾಲವನ್ನೇ ಬದಲಿಸಿದಿರಿ. ಸ್ವಾಪಿನಲ್ಲಿ ಸಾಲ ಇದ್ದ ಹಾಗೇ ಇರುತ್ತೆ, ಸಾಲ ಕೊಟ್ಟ ಬ್ಯಾಂಕನ್ನು ಕೇಳಬೇಕಾಗಿಯೂ ಇಲ್ಲ ಅನ್ನಬಹುದು. ಸಾಲದ ಪಕ್ಕದಲ್ಲಿ ಇನ್ನೊಂದು ಬೇರೆ ಒಪ್ಪಂದ ಬರುತ್ತೆ. 'ಬಡ್ಡಿ ಬದಲಾವಣೆ' ಅಂತ ಹಾಕಿದರೆ ಓದಿದವರೆಲ್ಲ ನಿಮ್ಮ ಹಾಗೇ ತಿಳಿದುಕೊಳ್ಳುತ್ತಾರೆ, ಹಾಗಾಗಿ ಆ ಪದ ಬೇಡ.

ಲೆಕ್ಕ ಹಾಕಿ ತೋರಿಸ್ತೀನಿ, ಆಮೇಲೆ ಪದ ನೋಡೋಣ. ಒಂದು ಕಾಫಿ ಕಂಪನಿ 10 ಕೋಟಿ ಸಾಲ ಮಾಡಿದೆ, ಬಡ್ಡಿ ಅಂದ್ರೆ ರೆಪೊ ದರಕ್ಕೆ ಇನ್ನೂ ಶೇ 2.5 ಸೇರಿಸಿದಷ್ಟು. ಅವರ ಆದಾಯ ಕಾಫಿ ಬೆಲೆಯ ಮೇಲೆ ನಿಂತಿದೆ, ಬಡ್ಡಿಯೂ ಕುಣಿದರೆ ತಡೆಯೋಕಾಗಲ್ಲ, ಅವರಿಗೆ ಕಟ್ಟೋದು ಇಷ್ಟೇ ಅಂತ ಗೊತ್ತಿರಬೇಕು. ಇನ್ನೊಂದು ಕಡೆ ಮನೆ ಸಾಲ ಕೊಡುವ ಒಂದು ಕಂಪನಿ. ಅದು ಶೇ 9ರ ನಿಶ್ಚಿತ ಬಡ್ಡಿಗೆ ಡಿಬೆಂಚರ್ ಮೂಲಕ 10 ಕೋಟಿ ಎತ್ತಿದೆ, ಆದರೆ ಜನರಿಗೆ ಸಾಲ ಕೊಟ್ಟಿರೋದು ರೆಪೊ ಮೇಲೆ. ರೆಪೊ ಇಳಿದರೆ ಅವರಿಗೆ ಬರೋದು ಕಮ್ಮಿ ಆಗುತ್ತೆ, ಕಟ್ಟೋದು ಮಾತ್ರ ಅಷ್ಟೇ. ಹಾಗಾಗಿ ಅವರಿಗೆ ಕಟ್ಟೋದೂ ರೆಪೊ ಜೊತೆ ಏರಿ ಇಳಿದರೆ ಒಳ್ಳೆಯದು.

ಇಬ್ಬರೂ 2023ರ ಏಪ್ರಿಲಿನಲ್ಲಿ ಐದು ವರ್ಷಕ್ಕೆ ಒಪ್ಪಂದ ಮಾಡಿಕೊಂಡರು ಅಂದುಕೊಳ್ಳಿ. 10 ಕೋಟಿ ಮೇಲೆ ಕಾಫಿಯವರು ಶೇ 6.5 ಕೊಡಬೇಕು, ಮನೆ ಸಾಲದವರು ಆಯಾ ಹೊತ್ತಿನ ರೆಪೊ ಎಷ್ಟಿದೆಯೋ ಅಷ್ಟು ಕೊಡಬೇಕು. ಆಗ ರೆಪೊ ಶೇ 6.5 ಇತ್ತು, 2025ರ ಫೆಬ್ರವರಿ ತನಕ ಅಲ್ಲೇ ನಿಂತಿತ್ತು. ಅಷ್ಟು ದಿನ ಯಾರೂ ಯಾರಿಗೂ ಒಂದು ಪೈಸೆ ಕೊಡಲಿಲ್ಲ, ಎರಡೂ ಸಮ, ವಜಾ ಆಯಿತು. 2025ರ ಜೂನಿನಲ್ಲಿ ರೆಪೊ ಶೇ 5.5ಕ್ಕೆ ಬಂತು. ಆಗ ಕಾಫಿಯವರು ವ್ಯತ್ಯಾಸದ ಶೇ 1 ಕೊಡಬೇಕು, ವರ್ಷಕ್ಕೆ 10 ಲಕ್ಷ, ಮೂರು ತಿಂಗಳಿಗೊಮ್ಮೆ ಎರಡೂವರೆ ಲಕ್ಷ. 10 ಕೋಟಿ ಅಸಲು ಮಾತ್ರ ಯಾರ ಕೈಯಿಂದ ಯಾರ ಕೈಗೂ ಹೋಗಲ್ಲ. ಅದು ಲೆಕ್ಕ ಹಾಕೋಕೆ ಮಾತ್ರ ಇರುವ ಅಂಕಿ.

ಇಲ್ಲಿ ರೆಪೊ ಹಿಡಿದಿದ್ದು ಎಲ್ಲರಿಗೂ ಗೊತ್ತಿರೋ ದರ ಅಂತ. ನಮ್ಮ ದೇಶದಲ್ಲಿ ನಡೆಯುವ ಹೆಚ್ಚಿನ ಸ್ವಾಪುಗಳು ಬ್ಯಾಂಕುಗಳ ನಡುವಿನ ಒಂದು ದಿನದ ಸಾಲದ ದರ, ಮೈಬಾರ್, ಅದರ ಮೇಲೆ. ಕಂಪನಿ ಕಂಪನಿ ನೇರ ಕೂತು ಮಾಡೋದೂ ಇಲ್ಲ. ಇಬ್ಬರೂ ಬೇರೆ ಬೇರೆಯಾಗಿ ಬ್ಯಾಂಕಿನ ಜೊತೆ ಸಹಿ ಹಾಕ್ತಾರೆ, ಬ್ಯಾಂಕು ನಡುವೆ ನಿಂತು ತನ್ನ ಪಾಲು ಇಟ್ಟುಕೊಳ್ಳುತ್ತೆ. ಚೌಕಟ್ಟಿನಲ್ಲಿ 'ಎರಡು ಕಂಪನಿಗಳು' ಅಂತಿದ್ದರೆ ತಪ್ಪಿಲ್ಲ, ವಿವರಿಸೋಕೆ ಎಲ್ಲರೂ ಹಾಗೇ ಹೇಳ್ತಾರೆ.

ಮಡಿಕೇರಿಯ ಕಾಲೇಜಿನಿಂದ, ವಾಣಿಜ್ಯ ಪಾಠ ಮಾಡುವವರು

ಒಟ್ಟಿನಲ್ಲಿ ಇಬ್ಬರೂ ಸಾಲ ಅದಲು ಬದಲು ಮಾಡಿಕೊಂಡ ಹಾಗೆ ಅಲ್ವಾ? ನಾನು ತರಗತಿಯಲ್ಲಿ 'ಸಾಲದ ಅದಲುಬದಲು' ಅಂತಲೇ ಹೇಳೋದು. ನಿಮ್ಮ ಲೆಕ್ಕದಲ್ಲಿ ಕಾಫಿಯವರಿಗೆ 10 ಲಕ್ಷ ನಷ್ಟ, ಮನೆ ಸಾಲದವರಿಗೆ 10 ಲಕ್ಷ ಲಾಭ. ಅದನ್ನೂ ಷೇರುದಾರರಿಗೆ ಹೇಳಬೇಕು.

ವಿರಾಜಪೇಟೆಯಿಂದ

ನಿಮ್ಮ ಮಾತು ಅರ್ಧ ಸರಿ. ಕಾಫಿಯವರ ಖರ್ಚು ಪೂರ್ತಿ ಕೂಡಿಸಿ ನೋಡಿ. ರೆಪೊ 5.5 ಆದಾಗ ತಮ್ಮ ಬ್ಯಾಂಕಿಗೆ ಅವರು ಕಟ್ಟೋದು ಶೇ 8, ಅಂದ್ರೆ 80 ಲಕ್ಷ. ಸ್ವಾಪಿಗೆ 10 ಲಕ್ಷ. ಒಟ್ಟು 90. ರೆಪೊ 7ಕ್ಕೆ ಏರಿದ್ದರೆ ಬ್ಯಾಂಕಿಗೆ 95 ಲಕ್ಷ ಹೋಗುತ್ತಿತ್ತು, ಸ್ವಾಪಿನಿಂದ 5 ಲಕ್ಷ ಬರುತ್ತಿತ್ತು, ಆಗಲೂ 90. ಅವರು ಬಯಸಿದ್ದು ಇದೇ. ಸ್ವಾಪ್ ಇಲ್ಲದಿದ್ದರೆ 80ರಲ್ಲೇ ಮುಗಿಯುತ್ತಿತ್ತು ಅನ್ನೋದು ನಿಜ, ಆದರೆ ಅದು ಈಗ ಹಿಂತಿರುಗಿ ನೋಡಿದಾಗ ಕಾಣೋದು.

'ಸಾಲದ ಅದಲುಬದಲು' ಅಂದ್ರೆ ಇನ್ನೊಂದು ತೊಂದರೆ ಇದೆ. ಸಾಲ ಇನ್ನೊಬ್ಬರಿಗೆ ಹೋಯಿತು ಅಂತ ಷೇರುದಾರರು ನಂಬುತ್ತಾರೆ. ಮನೆ ಸಾಲದ ಕಂಪನಿ ನಾಳೆ ಮುಳುಗಿದರೂ ಕಾಫಿಯವರು ತಮ್ಮ ಸಾಲ ತಾವೇ ತೀರಿಸಬೇಕು. ಸ್ವಾಪಿನಿಂದ ಬರಬೇಕಾದ ಹಣ ನಿಂತು, ಬಡ್ಡಿ ಮತ್ತೆ ರೆಪೊ ಜೊತೆ ಏರಿಳಿಯುತ್ತೆ, ಅಷ್ಟೇ.

ಒಂದು ತಪ್ಪು ನಾನು ಕೆಲಸದಲ್ಲಿದ್ದಾಗ ಎಷ್ಟೋ ಸಲ ನೋಡಿದ್ದೇನೆ, ಇದನ್ನ ಹೇಳಲೇಬೇಕು. ಎರಡು ವರ್ಷ ಆದ ಮೇಲೆ ಕಂಪನಿ ಒಂದಿಷ್ಟು ಜಾಗ ಮಾರಿ ಸಾಲ ತೀರಿಸಿಬಿಡುತ್ತೆ. ಸಾಲ ಮುಗಿಯಿತು ಅಂತ ಖುಷಿ. ಸ್ವಾಪ್ ಮುಗಿದಿಲ್ಲ. ಇನ್ನೂ ಮೂರು ವರ್ಷ ಶೇ 6.5 ಕೊಟ್ಟು 5.5 ತಗೊಳ್ಳೋದು ಹಾಗೇ ಇರುತ್ತೆ, ಈಗ ಅದಕ್ಕೆ ಎದುರಾಗಿ ಕಮ್ಮಿ ಆಗುವ ಬ್ಯಾಂಕ್ ಬಡ್ಡಿಯೇ ಇಲ್ಲ. ಸಾಲ ಇದ್ದಾಗ ರಕ್ಷಣೆ ಆಗಿದ್ದದ್ದು ಈಗ ಬಡ್ಡಿಯ ಮೇಲೆ ಕಟ್ಟಿದ ಪಣ. ಮುರಿಯೋಣ ಅಂದರೆ, ಮಾರುಕಟ್ಟೆಯಲ್ಲಿ ಮೂರು ವರ್ಷದ ಸ್ವಾಪ್ 5.5ಕ್ಕೆ ಸಿಗುತ್ತಿದ್ದರೆ, ವರ್ಷಕ್ಕೆ 10 ಲಕ್ಷದಂತೆ 30 ಲಕ್ಷಕ್ಕಿಂತ ಸ್ವಲ್ಪ ಕಮ್ಮಿ ಒಟ್ಟಿಗೆ ಕೊಡಬೇಕು. ವರದಿಯಲ್ಲಿ ಇದನ್ನು ಪತ್ತೆ ಹಚ್ಚೋದು ಸುಲಭ. ಸ್ವಾಪಿನ ಲೆಕ್ಕದ ಅಸಲು ಎಷ್ಟು, ಏರಿಳಿಯುವ ಬಡ್ಡಿಯ ಸಾಲ ಎಷ್ಟು ಉಳಿದಿದೆ ಅಂತ ಪಕ್ಕ ಪಕ್ಕ ಇಟ್ಟು ನೋಡಿ. ಸಾಲಕ್ಕಿಂತ ಸ್ವಾಪ್ ದೊಡ್ಡದಿದ್ದರೆ ಪ್ರಶ್ನೆ ಕೇಳಬೇಕು.

ಸೋಮವಾರಪೇಟೆಯ ಮೇಷ್ಟ್ರು

ಲೆಕ್ಕ ಚೆನ್ನಾಗಿದೆ. ಪದ ಎಲ್ಲಿ? ನೀವು ಹೇಳಿದ್ದೆಲ್ಲ ಮುಯ್ಯಿಯೇ.

ವಿರಾಜಪೇಟೆಯಿಂದ

ಅಲ್ಲ ಮೇಷ್ಟ್ರೇ. ಮುಯ್ಯಾಳಿನಲ್ಲಿ ಇವತ್ತು ನೀವು ಕಳಿಸಿದ ಆಳನ್ನು ನಾನು ಇನ್ನೊಂದು ದಿನ ಹಿಂತಿರುಗಿಸ್ತೀನಿ, ಆಳಿಗೆ ಆಳು. ಅಲ್ಲಿ ಒಬ್ಬರು ಋಣದಲ್ಲಿರ್ತಾರೆ. ಇಲ್ಲಿ ಇಬ್ಬರ ಬಾಕಿಯೂ ಒಂದೇ ದಿನ ಬೀಳುತ್ತೆ, ಎರಡು ಬೇರೆ ಥರದ ಬಡ್ಡಿ, ವಜಾ ಹಾಕಿ ಉಳಿದದ್ದು ಮಾತ್ರ ಹೋಗುತ್ತೆ.

ಮಡಿಕೇರಿಯ ಅನುವಾದಕಿ

ಮತ್ತೆ, ಮೇಷ್ಟ್ರೇ, ಈಗಿನವರಿಗೆ 'ಮುಯ್ಯಿ ತೀರಿಸು' ಅಂದ್ರೆ ಸೇಡು. ವಾರ್ಷಿಕ ವರದಿಯಲ್ಲಿ ಬಡ್ಡಿಮುಯ್ಯಿ ಅಂತ ಕಂಡರೆ ಓದೋರು ಗಾಬರಿ ಆಗ್ತಾರೆ. 'ಬಡ್ಡಿ ಪಾವತಿಯ ಅದಲುಬದಲು' ಅಂದರೆ ಹೇಗೆ? ಅದಲುಬದಲು ಆಗೋದು ದರ ಅಲ್ಲ, ಸಾಲ ಅಲ್ಲ, ಪಾವತಿ. ಅದು ಈ ಪದದಲ್ಲಿ ಸರಿಯಾಗಿ ಕಾಣುತ್ತೆ ಅನ್ನಿಸಿತು.

ಸೋಮವಾರಪೇಟೆಯ ಮೇಷ್ಟ್ರು

ಬದಲು ಅರಬ್ಬಿಯಿಂದ ಬಂದದ್ದು. ಸಂಸ್ಕೃತ ಬಿಟ್ಟು ಅರಬ್ಬಿಗೆ ಹೋದಿರಿ. ಒಪ್ಪಲಾರೆ.

ವಾಣಿಜ್ಯ ಪಾಠ ಮಾಡುವವರು

ಹಾಗಾದರೆ ಬಡ್ಡಿಯನ್ನೂ ಬಿಡಿ ಸರ್. ಅದು ವೃದ್ಧಿಯಿಂದ ಪ್ರಾಕೃತದ ದಾರಿಯಲ್ಲಿ ಬಂದದ್ದು. ಅಸಲು ಕೂಡ ಅರಬ್ಬಿಯದು. ನಮ್ಮ ಸಂತೆಯಲ್ಲಿ ಅಸಲು ಬಡ್ಡಿ ಅನ್ನದೆ ಯಾರು ಸಾಲದ ಮಾತಾಡ್ತಾರೆ? ಬಂದು ಮನೆಯವರಾದ ಪದಗಳನ್ನು ಹೊರಗೆ ಹಾಕೋದು ನನಗೆ ಸರಿ ಕಾಣಲ್ಲ.

ಸೋಮವಾರಪೇಟೆಯ ಮೇಷ್ಟ್ರು

ಬಡ್ಡಿ ಬಂದಾಗ ರೂಪ ಬದಲಿಸಿಕೊಂಡು ಕನ್ನಡದ ಬಾಯಿಗೆ ಒಗ್ಗಿತು. ನಾನು ಅದಕ್ಕೆ ವಿರೋಧ ಅಲ್ಲ. ಹೊಸದಾಗಿ ಪದ ಕಟ್ಟುವಾಗಲಾದರೂ ನಮ್ಮ ಬೇರು ಹುಡುಕಿ ಅನ್ನೋದು ನನ್ನ ಬೇಡಿಕೆ. ಇವತ್ತು ಕಟ್ಟದಿದ್ದರೆ ಮುಂದಿನವರು ಸ್ವಾಪ್, ಫಿಕ್ಸೆಡ್, ಫ್ಲೋಟಿಂಗ್ ಅಂತಲೇ ಬರೀತಾರೆ, ನಡುವೆ ಇರೋ 'ಮತ್ತು' ಮಾತ್ರ ಕನ್ನಡ.

ಗೋಣಿಕೊಪ್ಪದ ಬೆಳೆಗಾರ

ಪದದ ಜಗಳ ನೀವು ಮುಂದುವರಿಸಿ, ನನಗೆ ಒಂದು ಹೇಳಿ. ನನ್ನ ಹೋಂಸ್ಟೇ ಸಾಲ 40 ಲಕ್ಷ. ನಾನೂ ಸ್ವಾಪ್ ಮಾಡಿಸಬಹುದಾ?

ವಿರಾಜಪೇಟೆಯಿಂದ

ಅಷ್ಟು ಸಣ್ಣ ಮೊತ್ತಕ್ಕೆ ಯಾವ ಬ್ಯಾಂಕಿನವರೂ ಮುಂದೆ ಬರಲ್ಲ ಬೆಳೆಗಾರರೇ, ಕಾಗದಪತ್ರದ ಖರ್ಚೇ ಜಾಸ್ತಿ ಆಗುತ್ತೆ. ನಿಶ್ಚಿತ ಬಡ್ಡಿ ಬೇಕಿದ್ದರೆ ಸಾಲ ಕೊಟ್ಟವರ ಹತ್ತಿರವೇ ಕೇಳಿ.

ಮೇಡಂ, 'ಅದಲುಬದಲು' ನನಗೆ ಒಪ್ಪಿಗೆ. 'ಏರಿಳಿಯುವ ಬಡ್ಡಿ'ಯೂ ಚೆನ್ನಾಗಿದೆ, ಅದು ಮೇಷ್ಟ್ರು ಕೊಟ್ಟದ್ದೇ. 'ನೆಲೆಬಡ್ಡಿ' ಮಾತ್ರ ಬೇಡ. ನಿಶ್ಚಿತ ಠೇವಣಿ ಎಲ್ಲರಿಗೂ ಗೊತ್ತು, 'ನಿಶ್ಚಿತ ಬಡ್ಡಿ' ಅಂದ್ರೆ ತಕ್ಷಣ ತಿಳಿಯುತ್ತೆ.

ಮಡಿಕೇರಿಯ ಅನುವಾದಕಿ

ಈಗ ಹೀಗೆ ಬರೆದಿದ್ದೇನೆ:

'ಬಡ್ಡಿ ಪಾವತಿಯ ಅದಲುಬದಲು, ಅಂದರೆ ಸ್ವಾಪ್: ಒಂದು ಕಂಪನಿ ನಿಶ್ಚಿತ ಬಡ್ಡಿಯನ್ನೂ ಇನ್ನೊಂದು ಕಂಪನಿ ಏರಿಳಿಯುವ ಬಡ್ಡಿಯನ್ನೂ ಪರಸ್ಪರ ಕೊಡಲು ಮಾಡಿಕೊಳ್ಳುವ ಒಪ್ಪಂದ. ಎರಡೂ ಬಡ್ಡಿಯನ್ನು ಒಂದೇ ಲೆಕ್ಕದ ಅಸಲಿನ ಮೇಲೆ ಕಟ್ಟಲಾಗುತ್ತದೆ. ಅಸಲು ಕೈ ಬದಲಾಗುವುದಿಲ್ಲ. ಬಾಕಿಯ ದಿನ ಎರಡನ್ನೂ ವಜಾ ಮಾಡಿ ವ್ಯತ್ಯಾಸದ ಹಣವನ್ನು ಮಾತ್ರ ಕೊಡಲಾಗುತ್ತದೆ. ಕಂಪನಿಗಳ ಮೂಲ ಸಾಲ ಹಾಗೆಯೇ ಉಳಿಯುತ್ತದೆ.'

ಕೊನೆಯ ವಾಕ್ಯ ಇಂಗ್ಲಿಷಿನಲ್ಲಿ ಇರಲಿಲ್ಲ, ಬೆಳೆಗಾರರ ಪ್ರಶ್ನೆ ನೋಡಿದ ಮೇಲೆ ಸೇರಿಸಿದೆ. ಕಂಪನಿಯವರನ್ನು ಕೇಳಿ ಒಪ್ಪಿಗೆ ತಗೊಂಡಿದ್ದೇನೆ.

ಸೋಮವಾರಪೇಟೆಯ ಮೇಷ್ಟ್ರು

'ಕಟ್ಟಲಾಗುತ್ತದೆ' ಅಂದರೆ ಹಣ ಕಟ್ಟುವುದು ಅಂತ ಓದುತ್ತಾರೆ. 'ಲೆಕ್ಕ ಹಾಕುತ್ತಾರೆ' ಅಂತ ತಿದ್ದಿ. ಅದಲುಬದಲಿಗೆ ನನ್ನ ಒಪ್ಪಿಗೆ ಈಗಲೂ ಇಲ್ಲ.

ಮಡಿಕೇರಿಯ ಅನುವಾದಕಿ

ತಿದ್ದಿದೆ ಮೇಷ್ಟ್ರೇ, ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪ್ರೆಸ್ಸಿಗೆ ಕಳಿಸ್ತಾ ಇದ್ದೇನೆ.