ಸಹಾಯ ಬೇಕು: ಆಮ್ಲ–ಪ್ರತ್ಯಾಮ್ಲ ಆನ್‌ಲೈನ್ ಪಾಠದ ಪರಿಶೀಲನೆ

ಮಾನ್ಯರೇ, ಕಾಸರಗೋಡಿನ ಕನ್ನಡ ಮಾಧ್ಯಮದ ಏಳನೇ ತರಗತಿಯ ಮಕ್ಕಳಿಗಾಗಿ ಸಿದ್ಧವಾದ ಆಮ್ಲ–ಪ್ರತ್ಯಾಮ್ಲಗಳ ಆನ್‌ಲೈನ್ ಪಾಠವೊಂದನ್ನು ಪರಿಶೀಲಿಸುತ್ತಿದ್ದೇನೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ವಿಜ್ಞಾನ ಅಧ್ಯಾಪಕರ ನೆರವು ಬೇಕಾಗಿದೆ.

ಪಾಠದ ಉದ್ದೇಶವನ್ನು ‘ಆಮ್ಲಗಳ ಬಗ್ಗೆ ತಿಳಿಯುವುದು’ ಎಂದಷ್ಟೇ ಬರೆದಿದ್ದರು. ತಿಳಿದದ್ದನ್ನು ಅಳೆಯುವುದು ಹೇಗೆ? ಅದನ್ನು ‘ಕೊಟ್ಟ ದ್ರಾವಣವು ಆಮ್ಲವೋ ಪ್ರತ್ಯಾಮ್ಲವೋ ತಟಸ್ಥವೋ ಎಂದು ಸೂಚಕಗಳಿಂದ ಗುರುತಿಸುವುದು’ ಎಂದು ತಿದ್ದಲು ಸೂಚಿಸಿದ್ದೇನೆ.

ಹೀಗೆ ತಿದ್ದಿದಾಗಲೇ ರಸಪ್ರಶ್ನೆಯ ದೋಷ ಎದ್ದು ಕಂಡಿತು. ‘ಅರಶಿನ ಕಾಗದದ ಬಣ್ಣ ಬದಲಾಗದಿದ್ದರೆ ದ್ರಾವಣ ಯಾವುದು?’ ಎಂಬ ಪ್ರಶ್ನೆಗೆ ‘ಆಮ್ಲ’ ಎಂಬುದೇ ಸರಿಯುತ್ತರವೆಂದು ಗುರುತಿಸಲಾಗಿದೆ. ಅರಶಿನವು ಸಾಬೂನು ನೀರಿನಲ್ಲಿ, ಸುಣ್ಣದ ತಿಳಿನೀರಿನಲ್ಲಿ ಕೆಂಪಾಗುತ್ತದೆ. ಆದರೆ ಲಿಂಬೆರಸದಲ್ಲಿ ಉಳಿಯುವಂತೆಯೇ ಸಕ್ಕರೆ ನೀರಿನಲ್ಲೂ ಹಳದಿಯಾಗಿಯೇ ಉಳಿಯುವುದರಿಂದ, ಅದೊಂದರಿಂದಲೇ ಆಮ್ಲವನ್ನು ತಟಸ್ಥ ದ್ರಾವಣದಿಂದ ಬೇರ್ಪಡಿಸಲಾಗದು. ನೀಲಿ ಲಿಟ್ಮಸ್ ಕೆಂಪಾಗುವುದನ್ನೂ ನೋಡಬೇಕು. ಇನ್ನೊಂದು ಪ್ರಶ್ನೆಯಲ್ಲಿ ಸರಿಯುತ್ತರ ಮಾತ್ರ ಉದ್ದದ ವಾಕ್ಯವಾಗಿದ್ದು, ಉಳಿದವು ಒಂದೊಂದೇ ಪದಗಳಾಗಿವೆ. ಪಾಠ ಓದದವನೂ ಅದನ್ನು ಆರಿಸಬಲ್ಲ.

ಚಟುವಟಿಕೆ ಎಂದರೆ ‘ಮುಂದೆ’ ಗುಂಡಿ ಒತ್ತುವುದಷ್ಟೇ. ಮಗು ಮೊದಲು ಬಣ್ಣವನ್ನು ಊಹಿಸಿ, ಬಳಿಕ ಫಲಿತಾಂಶ ನೋಡಿ, ತಪ್ಪಿದ್ದರೆ ಕಾರಣ ತಿಳಿಯುವಂತಿರಬೇಕೆಂಬುದು ನನ್ನ ಅಭಿಪ್ರಾಯ.

ತಮ್ಮ ತರಗತಿಯ ಕೆಲವು ಮಕ್ಕಳಿಂದ ಪಾಠಕ್ಕೆ ಮೊದಲೂ ನಂತರವೂ ರಸಪ್ರಶ್ನೆ ಬಿಡಿಸಿಸಿ, ಪ್ರತಿ ಪ್ರಶ್ನೆಗೆ ಆರಿಸಿದ ಆಯ್ಕೆಗಳನ್ನು, ತಪ್ಪಾದವುಗಳನ್ನೂ ಸೇರಿಸಿ, ಕಳುಹಿಸಬಲ್ಲಿರಾ? ಪುನರ್ಪುಳಿ ರಸದ ಉದಾಹರಣೆ ಸೇರಿಸುವ ಬಗೆಗೂ ಸಲಹೆ ಬೇಕು; ಅದರ ಸ್ವಂತ ಕೆಂಪು ಬಣ್ಣವೇ ಲಿಟ್ಮಸ್‌ನ ಬದಲಾವಣೆಯನ್ನು ಮರೆಮಾಡೀತೆಂಬ ಸಂಶಯವಿದೆ.