ಸಹಾಯ ಬೇಕು: ಎಂಟನೇ ತರಗತಿ ಸಂಭವನೀಯತೆ ಪ್ರಾಜೆಕ್ಟಿಗೆ ಚೌಕಾಬಾರ

ನಮಸ್ಕಾರ. ದಾಳ, ಇಸ್ಪೀಟು ಎಲ್ಲರೂ ಮಾಡ್ತಾರೆ ಅಂತ ಮಗಳು ಚೌಕಾಬಾರ ಆರಿಸಿದ್ದಾಳೆ. ಬಸವನಗುಡಿಯ ಅಜ್ಜಿ ಒಂದು ಬದಿ ತೇಯ್ದು ಬಿಳಿ ಮಾಡಿಕೊಟ್ಟ ನಾಲ್ಕು ಹುಣಸೆ ಬೀಜ ಇವೆ. ಕಪ್ಪು-ಬಿಳಿ ಸಮಸಮ ಬೀಳುತ್ತೆ ಅಂದುಕೊಂಡರೆ 16 ಸಾಧ್ಯತೆ: ಒಂದು ಬಿಳಿ ಬೀಳೋದಕ್ಕೂ ಮೂರು ಬಿಳಿ ಬೀಳೋದಕ್ಕೂ ತಲಾ 4/16, ಎರಡು ಬಿಳಿಗೆ 6/16. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಪ್ಪಾದರೆ ಎಂಟು, ಇವೆರಡಕ್ಕೂ ತಲಾ 1/16. ಅಂದರೆ 160 ಸಲ ಹಾಕಿದರೆ ತಲಾ ಸುಮಾರು 10.

ನಮಗೋ ಚೌಕ ತುಂಬಾ ಜಾಸ್ತಿ ಬೀಳ್ತಿದೆ! ಒಂದು ಬದಿ ಚಪ್ಪಟೆ, ಇನ್ನೊಂದು ಉಬ್ಬು, ಅದಕ್ಕೇ ಇರಬೇಕು. ಬೀಜವೊಂದು ಬಿಳಿ ಬೀಳುವ ಪ್ರಮಾಣ 0.6 ಇದ್ದರೂ ಸಾಕು, ಅದನ್ನು ನಾಲ್ಕು ಸಲ ಗುಣಿಸಿದರೆ ಸುಮಾರು 0.13, 1/16ರ ಎರಡರಷ್ಟು. ಈ ಗುಣಾಕಾರ ಎಂಟನೇ ತರಗತಿಗೆ ಹೆಚ್ಚಾಯ್ತಾ? ಬರೀ ದಾಳದ ಜೊತೆ ಹೋಲಿಸಿ ಸ್ತಂಭಾಲೇಖ ಹಾಕಿಸಿದರೆ ಸಾಕಾ? ಗಣಿತ ಮೇಷ್ಟ್ರು, ಮೇಡಂಗಳು ಯಾರಾದ್ರೂ ಹೇಳಿ.